ಕೆಂಪಗಾದ ಎಮ್ಮೆ ತುಪ್ಪ

ನನಗೆ ಅನುಮಾನ ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನಮ್ಮ ಯಜಮಾನರು ಹೇಳುತ್ತಾರೆ. ಕಾಳುಮೆಣಸು ತಂದರೆ ಅದರಲ್ಲಿ ಪರಂಗಿ ಬೀಜ ಹುಡುಕುತ್ತೇನೆ. ಜೇನುತುಪ್ಪ ತಂದರೆ ಒಂದು ಹನಿ ನೀರಿಗೆ ಬಿಟ್ಟು ಕಾಯುತ್ತೇನೆ. ನಗುವವರು ನಗಲಿ. ನಂಜನಗೂಡಿನ ನಮ್ಮ ಮನೆಯಲ್ಲಿ ಹನ್ನೆರಡು ವರ್ಷದಿಂದ ಮೈಸೂರುಪಾಕು, ಒಬ್ಬಟ್ಟು ಮಾಡಿ ಆರ್ಡರಿಗೆ ಕೊಡುತ್ತಿದ್ದೇನೆ. ಒಂದು ದಿನ ತುಪ್ಪ ಕೈಕೊಟ್ಟರೆ ಹನ್ನೆರಡು ವರ್ಷದ ಹೆಸರೂ ಅದರ ಜೊತೆಗೇ ಹೋಗುತ್ತದೆ.

ನನಗೆ ತುಪ್ಪ ತಂದುಕೊಡುತ್ತಿದ್ದವಳು ನರಸೀಪುರದ ಹತ್ತಿರದ ಹಳ್ಳಿಯವಳು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ನಾವೆಲ್ಲ ತುಪ್ಪದಕ್ಕ ಎಂದೇ ಕರೆಯುತ್ತಿದ್ದೆವು. ಹದಿನೈದು ದಿನಕ್ಕೊಂದು ಶನಿವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ತುಂಬಿದ ಸ್ಟೀಲ್ ಕ್ಯಾನು ಕೊಟ್ಟು ನನ್ನ ಖಾಲಿ ಕ್ಯಾನು ತೆಗೆದುಕೊಂಡು ಹೋಗುತ್ತಿದ್ದಳು. ನನ್ನ ಮಾತಿನ ಮೇಲೆ ನಮ್ಮ ಬೀದಿಯ ನಾಲ್ಕು ಮನೆಯವರೂ, ಮದುವೆ ಅಡುಗೆಯ ಕಂಟ್ರಾಕ್ಟರ್ ಒಬ್ಬರೂ ಅವಳ ಹತ್ತಿರವೇ ಕೊಳ್ಳಲು ಶುರು ಮಾಡಿದ್ದರು. ಕಂಟ್ರಾಕ್ಟರರದೇ ದೊಡ್ಡ ವ್ಯಾಪಾರ. ಅದರಲ್ಲೇ ಅವಳ ಮನೆ ನಡೆಯುತ್ತಿತ್ತು.

ನಾಟಿ ಹಸುವಿನ ತುಪ್ಪ ಅದು. ಚಿನ್ನದ ಬಣ್ಣ, ರವೆಯಂಥ ಸಣ್ಣ ಮರಳು. ಹಾಲಿಗೆ ಹೆಪ್ಪು ಹಾಕಿ, ಮೊಸರು ಕಡೆದು, ಬೆಣ್ಣೆ ಕಾಯಿಸಿ, ಕೊನೆಯಲ್ಲಿ ಒಂದು ವೀಳ್ಯದೆಲೆ ಹಾಕಿ ಇಳಿಸಿದ್ದು. ಮುಚ್ಚಳ ತೆಗೆದರೆ ನಡುಮನೆಗೂ ಘಮ ಬರುತ್ತಿತ್ತು.

ಹೋದ ವರ್ಷ ಒಂದು ಶನಿವಾರ ಮುಚ್ಚಳ ತೆಗೆದೆ, ಬೆಳ್ಳಗಿತ್ತು. ಮರಳು ದಪ್ಪ ದಪ್ಪ.

“ಇದೇನಕ್ಕಾ?” ಎಂದೆ.

“ಅಸ ತುಂಬು ಗಬ್ಬ ಕಣವ್ವ, ಆಲು ಬತ್ತೋಯ್ತು. ಇದು ಎಮ್ಮೇದು. ಎಮ್ಮೆ ತುಪ್ಪ ಬೆಳ್ಳಗೇ ಇರ್ತದೆ. ಅದ್ಕೇ ನೂರು ರೂಪಾಯಿ ಕಮ್ಮಿ ಕೊಡು” ಎಂದಳು.

ಎಮ್ಮೆ ತುಪ್ಪ ಬೆಳ್ಳಗಿರುತ್ತದೆಂದು ನನಗೂ ಗೊತ್ತು. ಹಸು ತಿಂದ ಹಸಿರು ಮೇವಿನ ಹಳದಿ ಅದರ ಬೆಣ್ಣೆಯಲ್ಲಿ ಉಳಿಯುತ್ತದೆ, ಎಮ್ಮೆಯದರಲ್ಲಿ ಉಳಿಯುವುದಿಲ್ಲ. ಆದರೆ ವನಸ್ಪತಿಯೂ ಬೆಳ್ಳಗೇ ಇರುತ್ತದಲ್ಲ! ಬೆಳ್ಳಗಿರುವುದೆಲ್ಲ ಹಾಲಲ್ಲ. ಅಲ್ಲದೆ ಕೇಳದೆಯೇ ನೂರು ರೂಪಾಯಿ ಕಮ್ಮಿ ಮಾಡುವವರನ್ನು ನಾನು ಇದುವರೆಗೆ ಕಂಡಿರಲಿಲ್ಲ. ಮೂಗು ಹತ್ತಿರ ತಂದೆ. ತುಪ್ಪದ ವಾಸನೆಯ ಅಡಿಯಲ್ಲಿ ಇನ್ನೇನೋ ಒಂದು ವಾಸನೆ ತೆಳ್ಳಗೆ ಇತ್ತು. ಏನೆಂದು ಹೊಳೆಯಲಿಲ್ಲ. ಏನೂ ಹೇಳದೆ ದುಡ್ಡು ಕೊಟ್ಟು ಕಳಿಸಿದೆ, ಆದರೆ ಆ ತುಪ್ಪವನ್ನು ಬಾಣಲೆಗೆ ಹಾಕಲಿಲ್ಲ.

ಅವತ್ತೇ ಸಂಜೆ ಅಂಗಡಿ ಬೀದಿಗೆ ಹೋಗಿ ಮೂರು ಬಗೆ ತುಪ್ಪ ತಂದೆ. ಒಂದು ಡೈರಿಯ ಪ್ಯಾಕೆಟ್. ಅದರ ಹಿಂದೆ ಬರೀ ಹಾಲಿನ ಕೊಬ್ಬು ಎಂದಿತ್ತು, ಹಸುವೋ ಎಮ್ಮೆಯೋ ಎಂದು ಬಿಡಿಸಿ ಹೇಳಿರಲಿಲ್ಲ. ಇನ್ನೊಂದು ನಾಟಿ ಹಸುವಿನದೆಂದು ಬರೆದ ಗಾಜಿನ ಬಾಟಲಿ. ಅದರ ಬೆಲೆ ಡೈರಿಯದರ ಎರಡರಷ್ಟಕ್ಕಿಂತ ಹೆಚ್ಚು, ಬಾಟಲಿಯ ಕುತ್ತಿಗೆಗೆ ಸೆಣಬಿನ ದಾರ ಬೇರೆ. ಮೂರನೆಯದು ದೇವಸ್ಥಾನದ ಬೀದಿಯ ದೀಪದ ತುಪ್ಪ, ಎಲ್ಲಕ್ಕಿಂತ ಅಗ್ಗ. ಅದರ ಮೇಲೆ ಹಸುವಿನ ಚಿತ್ರ, ಅಡಿಯಲ್ಲಿ ಕನ್ನಡಕ ಹಾಕಿಕೊಂಡು ಓದಬೇಕಾದ ಅಕ್ಷರದಲ್ಲಿ ‘ಸಸ್ಯಜನ್ಯ ಕೊಬ್ಬು, ತಿನ್ನಲು ಅಲ್ಲ’. ಹಾಲನ್ನೇ ಕಾಣದ ತುಪ್ಪದ ಮೇಲೆ ಹಸು ಯಾಕೆ ನಿಂತಿತ್ತೋ, ಆ ದೇವರೇ ಬಲ್ಲ.

ನಾಲ್ಕು ತಟ್ಟೆಯಲ್ಲಿ ಒಂದೊಂದು ಚಮಚ ಹಾಕಿಟ್ಟೆ. ದೀಪದ ತುಪ್ಪಕ್ಕೆ ಮುಚ್ಚಳ ತೆಗೆದಾಗಲೇ ಮೂಗಿಗೆ ಹೊಡೆಯುವ ಘಮ, ಬಿಸಿ ಮಾಡಿದರೆ ಮಂಗಮಾಯ. ಡೈರಿಯದು ಮೆತ್ತಗೆ ಘಮ್ಮೆಂದಿತು, ಬಿಸಿಯಾದ ಮೇಲೂ ಹಾಗೇ ಇತ್ತು. ಗಾಜಿನ ಬಾಟಲಿಯದು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ತುಪ್ಪದಕ್ಕನ ಹಳೆಯ ಹಸುವಿನ ತುಪ್ಪಕ್ಕಿಂತ ಹೆಚ್ಚೇನಲ್ಲ. ಆ ದುಡ್ಡು ಗಾಜಿಗೋ ದಾರಕ್ಕೋ ಗೊತ್ತಾಗಲಿಲ್ಲ. ಕೊನೆಗೆ ಅವಳ ಬಿಳಿ ತುಪ್ಪವನ್ನು ಅಂಗೈಗೆ ಹಾಕಿಕೊಂಡೆ. ಹಸುವಿನದರಷ್ಟು ಬೇಗ ಕರಗಲಿಲ್ಲ. ನೋಡಿದೆಯಾ, ಎಂದುಕೊಂಡೆ. ಎಮ್ಮೆ ತುಪ್ಪ ಗಟ್ಟಿ, ನಿಧಾನಕ್ಕೇ ಕರಗುತ್ತದೆ ಎಂಬ ಮಾತು ಆಗ ನನ್ನ ತಲೆಗೆ ಬರಲೇ ಇಲ್ಲ.

ನಮ್ಮ ಯಜಮಾನರು ತಾಂಡ್ಯದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾರೆ. “ರೀ, ವನಸ್ಪತಿ ಕಂಡುಹಿಡಿಯೋ ಆಸಿಡ್ ಟೆಸ್ಟು ಒಂದಿದೆ ಅಂತಿದ್ರಲ್ಲ” ಎಂದು ಅವರ ಬೆನ್ನು ಬಿದ್ದೆ.

“ನಿನ್ನ ಕಾಟ ತಡೆಯೋಕಾಗಲ್ಲ ಕಣೇ” ಎಂದು ಗೊಣಗಿಕೊಂಡೇ ಎರಡು ದಿನದ ಮೇಲೆ ಸಾಹೇಬರನ್ನು ಕೇಳಿ ಒಂದು ಪುಟ್ಟ ಬಾಟಲಿ ಆಸಿಡ್ಡು, ಗಾಜಿನ ನಳಿಕೆಗಳನ್ನು ತಂದರು. ಹಿತ್ತಲಲ್ಲಿ ಕೂತು, ಕರಗಿಸಿದ ತುಪ್ಪ ಎಷ್ಟೋ ಅಷ್ಟೇ ಆಸಿಡ್ಡು ಬಿಟ್ಟು, ಚಿಟಿಕೆ ಸಕ್ಕರೆ ಹಾಕಿ ಅಲ್ಲಾಡಿಸಿ ಇಟ್ಟರು. ಐದು ನಿಮಿಷ ಕಾದೆವು. ಡೈರಿಯದು ಹಾಗೇ ಇತ್ತು. ಗಾಜಿನ ಬಾಟಲಿಯದೂ ಹಾಗೇ. ದೀಪದ ತುಪ್ಪದ ನಳಿಕೆಯ ತಳ ಕೆಂಪಗಾಯಿತು. ತುಪ್ಪದಕ್ಕನದೂ ಕೆಂಪಗಾಯಿತು.

ನನಗೆ ಮೈಯೆಲ್ಲ ಉರಿಯಿತು. ಅದರ ಜೊತೆಗೆ ಒಂದು ತರದ ಖುಷಿಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ನನ್ನ ಮೂಗು ಗೆದ್ದಿತ್ತು! ನಳಿಕೆ ತೊಳೆಯುವ ಮೊದಲೇ ಅಡುಗೆ ಕಂಟ್ರಾಕ್ಟರಿಗೆ ಫೋನು ಮಾಡಿದೆ. ಆಮೇಲೆ ನಾಲ್ಕು ಮನೆಯ ಬಾಗಿಲಿಗೂ ಹೋದೆ. “ಒಂದ್ಸಲ ಅವಳನ್ನೇ ಕೇಳಬಾರದೇನೇ?” ಎಂದರು ಯಜಮಾನರು. “ಕಳ್ಳರನ್ನ ಕೇಳಿದ್ರೆ ಕದ್ದೆ ಅಂತಾರಾ?” ಎಂದೆ.

ಮುಂದಿನ ಸರದಿಯ ಶನಿವಾರ ತುಪ್ಪದಕ್ಕ ಬಂದಳು. ಅಷ್ಟು ಹೊತ್ತಿಗೆ ನಾಲ್ಕು ಬಾಗಿಲು ಹಾಕಿಸಿಕೊಂಡೇ ಬಂದಿದ್ದಳು. ಕಂಟ್ರಾಕ್ಟರ್ ಅವಳ ಕ್ಯಾನನ್ನು ತೆಗೆದು ಕೂಡ ನೋಡಿರಲಿಲ್ಲ. ನಾನು ಗೇಟಿನಲ್ಲೇ ನಿಲ್ಲಿಸಿ ಎಲ್ಲ ಹೇಳಿದೆ. ಅವಳು ಕೂಗಾಡಲಿಲ್ಲ, ಅಳಲೂ ಇಲ್ಲ. ಬಾಯಿ ಒಣಗಿದವಳ ಹಾಗೆ ಎರಡು ಸಲ ತುಟಿ ಸವರಿಕೊಂಡಳು.

“ನನ್ನ ಕೈಲಿ ಕಲಬೆರಕೆ ಆಗಕ್ಕಿಲ್ಲ ಕಣವ್ವ. ನೀನೇ ಬಾ. ಬೆಣ್ಣೆ ಅದೆ, ನಿನ್ನ ಮುಂದೇನೇ ಕಾಯ್ಸ್ತೀನಿ. ಅದೇನು ಆಸಿಡ್ಡೋ ಅದ್ನೂ ತಕಂಡು ಬಾ” ಎಂದಳು.

ಬಾ ಎಂದು ಇಷ್ಟು ಧೈರ್ಯವಾಗಿ ಕರೆಯುತ್ತಾಳೆಂದರೆ ಇದರಲ್ಲೂ ಏನೋ ಮಸಲತ್ತಿದೆ ಎಂದೇ ನನ್ನ ಲೆಕ್ಕ. ಮಾರನೆಯ ದಿನ ಭಾನುವಾರ, ಯಜಮಾನರನ್ನು ಎಳೆದುಕೊಂಡು ನರಸೀಪುರದ ಬಸ್ಸು ಹತ್ತಿದೆ. ಅಲ್ಲಿಂದ ಆಟೋ. ಹೆಂಚಿನ ಮನೆ, ಪಕ್ಕದಲ್ಲಿ ಕೊಟ್ಟಿಗೆ. ತುಂಬು ಗಬ್ಬದ ಹಸು ಒಂದು, ಎಮ್ಮೆ ಒಂದು. ಹೋದವಳೇ ಮೊದಲು ಕೊಟ್ಟಿಗೆಯ ಮೂಲೆ, ಅಟ್ಟ, ಒಲೆಯ ಹಿಂಭಾಗ ಎಲ್ಲ ಕಣ್ಣಲ್ಲೇ ಜಾಲಾಡಿದೆ. ವನಸ್ಪತಿಯ ಡಬ್ಬಿ ಎಲ್ಲೂ ಕಾಣಲಿಲ್ಲ. ಬಚ್ಚಿಟ್ಟಿರುತ್ತಾಳೆ ಎಂದುಕೊಂಡೆ.

ಅವಳು ಬೆಣ್ಣೆಯ ಪಾತ್ರೆ ತಂದು ನನ್ನ ಕೈಗೇ ಕೊಟ್ಟಳು. ಬಿಳಿ ಬೆಣ್ಣೆ, ಲೇಸಾಗಿ ಹುಳಿ ವಾಸನೆ. ನಾನೇ ಬಾಣಲೆಗೆ ಹಾಕಿದೆ. ನೊರೆ ಎದ್ದಿತು, ಚಟಪಟ ಸದ್ದು ನಿಂತಿತು, ತಳದಲ್ಲಿ ಗಸಿ ಕೆಂಪಗೆ ಹುರಿಯಿತು. ವೀಳ್ಯದೆಲೆ ಹಾಕಿ ಇಳಿಸಿದಳು. ಘಮವೂ ಬಂತು, ಹಸುವಿನದರಷ್ಟು ಜೋರಿಲ್ಲ, ಆದರೆ ತುಪ್ಪದ್ದೇ ಘಮ. ಜಗಲಿಯಲ್ಲಿ ಯಜಮಾನರು ನಳಿಕೆಗೆ ಬಿಟ್ಟು ಅಲ್ಲಾಡಿಸಿ ಇಟ್ಟರು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಕೆಂಪಗಾಗಲಿಲ್ಲ.

“ಹಾಗಾದ್ರೆ ಅವತ್ತಿಂದಕ್ಕೆ ಏನು ಹಾಕಿದ್ದೆ?” ಎಂದೆ. ನನ್ನ ದನಿ ಇನ್ನೂ ಇಳಿದಿರಲಿಲ್ಲ.

ಅವಳು ನನ್ನ ಮುಖವನ್ನೇ ನೋಡಿದಳು. “ನಾನೇನೂ ಆಕ್ನಿಲ್ಲ ಕಣವ್ವ. ನಿನ್ನ ಕ್ಯಾನಲ್ಲೇ ಎಳ್ಳೆಣ್ಣೆ ವಾಸ್ನೆ ಇತ್ತು. ತಳದ ಸಂದೀಲಿ ಜಿಡ್ಡೂ ನಿಂತಿತ್ತು. ತೊಳೆಯವಾ ಅಂದ್ಕಂಡೆ. ತುಪ್ಪದ ಕ್ಯಾನಿಗೆ ನೀರು ಮುಟ್ಟಿಸಬ್ಯಾಡ ಅಂತ ನೀನೇ ಯೋಳಿದ್ದೆಯಲ್ಲಾ. ಅದ್ಕೇ ಅಂಗೇ ತುಂಬ್ದೆ.”

ಹೌದು. ನೀರಿನ ಪಸೆ ಉಳಿದರೆ ತುಪ್ಪ ಕೆಡುತ್ತದೆಂದು ನಮ್ಮ ಮನೆಯಲ್ಲಿ ತುಪ್ಪದ ಪಾತ್ರೆಯನ್ನು ತೊಳೆಯುವುದೇ ಇಲ್ಲ, ಒರೆಸಿ ಇಡುವುದಷ್ಟೇ. ಅದರ ಹಿಂದಿನ ಸಲ ಅವಳು ಬಂದಾಗ ಮಾಮೂಲಿ ಕ್ಯಾನಿನ ಮುಚ್ಚಳ ಹಾಳಾಗಿತ್ತು. ದೇವರ ದೀಪಕ್ಕೆ ಎಳ್ಳೆಣ್ಣೆ ತುಂಬಿಡುತ್ತಿದ್ದ ಕ್ಯಾನನ್ನು ಖಾಲಿ ಮಾಡಿ, ಪೇಪರಿನಲ್ಲಿ ಒರೆಸಿ, ಅವಳ ಕೈಗೆ ಕೊಟ್ಟವಳು ನಾನೇ.

ಯಜಮಾನರು ಹಣೆ ಹಿಡಿದುಕೊಂಡರು. “ಅಯ್ಯೋ, ನನಗೂ ಹೊಳೀಲಿಲ್ಲ ಕಣೇ. ವನಸ್ಪತಿಗೆ ಎಳ್ಳೆಣ್ಣೆ ಸೇರಿಸಲೇಬೇಕು ಅಂತ ಕಾನೂನಿದೆ, ತುಪ್ಪಕ್ಕೆ ಬೆರೆಸಿದರೆ ಸಿಕ್ಕಿಬೀಳಲಿ ಅಂತ. ಆಸಿಡ್ಡು ಹಿಡಿಯೋದು ಆ ಎಳ್ಳೆಣ್ಣೇನೇ” ಎಂದರು.

ತಪ್ಪಾಯಿತು ಅಕ್ಕ, ಎಂದೆ. ಅಲ್ಲೇ ನಿಂತು ಕಂಟ್ರಾಕ್ಟರಿಗೆ ಫೋನು ಮಾಡಿ, ತಪ್ಪು ಕ್ಯಾನಿನದು, ತುಪ್ಪದ್ದಲ್ಲ ಎಂದು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. “ಇರಬಹುದು ಅಕ್ಕಾವ್ರೆ. ಆದ್ರೆ ಒಂದ್ಸಲ ಮಾತು ಬಂದ ತುಪ್ಪಾನ ಮದುವೆ ಮನೆಗೆ ಹಾಕೋಕೆ ಧೈರ್ಯ ಬರಲ್ಲ. ನಾಳೆ ಯಾರಿಗಾದ್ರೂ ಹೊಟ್ಟೆ ಕೆಟ್ರೆ ನನ್ನನ್ನೇ ಹಿಡ್ಕೋತಾರೆ. ಡೈರಿ ಟಿನ್ನೇ ತಗೋತೀನಿ ಬಿಡಿ” ಎಂದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ, ಇನ್ನೂ ಒರಟಾಗಿ.

ತುಪ್ಪದಕ್ಕನಿಗೆ ಆ ಕಡೆಯ ಮಾತು ಕೇಳಿಸಿರಲಿಲ್ಲ. ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡಳು.

“ನನಗೆ ಎಷ್ಟಿದ್ದರೂ ತಂದುಕೊಡಕ್ಕಾ. ಬೀದಿಯವರಿಗೂ ನಾನೇ ಹೇಳ್ತೀನಿ” ಎಂದೆ.

“ಬ್ಯಾಡ ಕಣವ್ವ. ಇವತ್ತಿಂದ ಆಲನ್ನ ಡೈರಿಗೆ ಆಕಕ್ಕೆ ಸುರು ಮಾಡಿವ್ನಿ. ಅಲ್ಲಿ ಮಿಷನ್ಗೆ ಬುಟ್ಟು ಫ್ಯಾಟು ಇಷ್ಟು ಅಂತ ಚೀಟಿ ಕೊಡ್ತರೆ. ತುಪ್ಪದಷ್ಟು ಕಾಸು ಗಿಟ್ಟಕ್ಕಿಲ್ಲ. ಆದ್ರೂ ಚೀಟಿ ಕೈಲಿದ್ರೆ ಯಾರೂ ಕಳ್ಳಿ ಅನ್ನಕ್ಕಿಲ್ಲ” ಎಂದಳು.

ಅವತ್ತು ಕಾಯಿಸಿದ ತುಪ್ಪಕ್ಕೆ ದುಡ್ಡು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಕಾಫಿ ಕೊಟ್ಟಳು, ಅರ್ಧ ಕುಡಿದು ಎದ್ದೆ. ಆಟೋದವರೆಗೂ ಬಂದು, ನಾನು ಹತ್ತಿ ಕೂತ ಮೇಲೆ ಹೇಳಿದಳು:

“ನೀ ಪರೀಕ್ಸೆ ಮಾಡ್ದೆ ಅಂತ ನಂಗೆ ಬೇಜಾರಿಲ್ಲ ಕಣವ್ವ. ಮಾಡು, ತಿನ್ನೋ ಪದಾರ್ಥ. ಕೆಂಪಗಾದಾಗ ಐದು ಮನೇಗೆ ಯೋಳ್ದೆ. ಆರನೇದು ನನ್ನ ಮನೆ, ನಂಗೇ ಮೊದ್ಲು ಯೋಳ್ಬೋದಿತ್ತು.”