ಏಳು ಜನ್ಮದ ಮಾತು ಒಪ್ಪದ ಸುರೇಖಾ

ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಸುರೇಖಾಳಿಗೆ ಯಾವಾಗಲೂ ಒಂದು ಸೀಟು ಇರುತ್ತಿತ್ತು. ಅದನ್ನು ಹಿಡಿದಿಡುತ್ತಿದ್ದವರು ಬಿಸ್ಮಿಲ್ಲಾಬಿ. ಅವರು ರಾಣೆಬೆನ್ನೂರಿನ ಉರ್ದು ಶಾಲೆಯಲ್ಲಿ ಶಿಕ್ಷಕಿ. ಸುರೇಖಾ ಅದೇ ಊರಿನ ಮೇಡ್ಲೇರಿ ರಸ್ತೆಯ ಒಂದು ಮುದ್ರಣಾಲಯದಲ್ಲಿ ಕೆಲಸಕ್ಕಿದ್ದಳು. ಮುದ್ರಣಾಲಯದ ಮಾಲೀಕ ಅಂದಾನೆಪ್ಪ ಒಂದು ವಾರಪತ್ರಿಕೆಯನ್ನೂ ನಡೆಸುತ್ತಿದ್ದರು. ಇಂಗ್ಲಿಷ್‌ನಲ್ಲಿ ಬಿ.ಎ. ಮಾಡಿದ್ದ ಸುರೇಖಾ ಆ ಪತ್ರಿಕೆಯ ಹಿಂಬದಿಯ ಪುಟಕ್ಕೆ ಹೊರದೇಶದ ಪ್ರೇಮಕಥೆಗಳನ್ನು ಕನ್ನಡಕ್ಕೆ ತರುತ್ತಿದ್ದಳು.

ಗಂಡ ಗುರುಪಾದ ಮೋಟೆಬೆನ್ನೂರಿನ ಬಳಿ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡಾಗ ಅವಳಿಗೆ ಇಪ್ಪತ್ತಾರು. ಮಕ್ಕಳಿರಲಿಲ್ಲ. ಅತ್ತೆ ಫಕ್ಕೀರವ್ವನ ಜೊತೆ, ಗೊಬ್ಬರದ ಅಂಗಡಿ ಇಟ್ಟಿದ್ದ ಮೈದುನ ವಿಜಯಮಹಾಂತೇಶನ ಮನೆಯಲ್ಲೇ ಉಳಿದಳು. ಮಣ್ಣಿಗೆ ಬಂದವರೆಲ್ಲ ಅವಳ ತಲೆ ಸವರಿ ಒಂದೇ ಮಾತು ಹೇಳಿ ಹೋಗಿದ್ದರು: "ನಿನ್ನ ಹಣಿಬರಹವ್ವಾ." ಅದು ಸಮಾಧಾನದ ಮಾತು ಎಂದು ಅವಳು ಮೊದಲು ತಿಳಿದಿದ್ದಳು. ಬರಬರುತ್ತ ಅದು ಚಿಲಕದ ಸದ್ದಿನಂತೆ ಕೇಳತೊಡಗಿತು. ಮದುವೆ ಮನೆಯಲ್ಲಿ ಅವಳನ್ನು ಹಿಂದಕ್ಕೆ ಕೂರಿಸುವುದೂ ಹಣೆಬರಹ, ಹೂವು ಮುಡಿಯದಿರುವುದೂ ಹಣೆಬರಹ. ಕನ್ನಡದಲ್ಲಿ ಒಳ್ಳೆಯದಾದಾಗ ಆ ಮಾತನ್ನು ಯಾರೂ ಆಡುವುದಿಲ್ಲ ಎಂಬುದನ್ನು ಅವಳು ಐದು ವರ್ಷದಲ್ಲಿ ಚೆನ್ನಾಗಿ ಕಲಿತಳು.

ಎರಡು ಸಾವಿರದ ಆರನೇ ಇಸವಿಯ ಬೇಸಿಗೆಯಲ್ಲಿ ಅವಳ ಕೈಗೆ ಒಂದು ಇಂಗ್ಲಿಷ್ ಕಥೆ ಬಂತು. ಮಾರ್ಗರೆಟ್ ಎಂಬ ಹೆಂಗಸು, ಹೊಂದಿಕೆಯಾಗದ ಮೊದಲ ಗಂಡನಿಂದ ಸೋಡಚೀಟಿ ಪಡೆದು ಬೇರೆಯಾದ ವರ್ಷಗಳ ಮೇಲೆ, ಕೂದಲು ನರೆತ ಒಬ್ಬ ತೋಟಗಾರನನ್ನು ಕಂಡು "ಇವನೇ ನನ್ನ ಸೋಲ್‌ಮೇಟ್" ಎನ್ನುತ್ತಾಳೆ. ಆ ಒಂದು ಶಬ್ದಕ್ಕೆ ಸುರೇಖಾ ಎರಡು ದಿನ ತಿಣುಕಿದಳು. ಆತ್ಮಸಂಗಾತಿ ಎಂದರೆ ಮಠದ ಪ್ರವಚನ ಕೇಳಿದ ಹಾಗಾಗುತ್ತಿತ್ತು. ಬಾಳಸಂಗಾತಿ ಎಂದರೆ ತಾಳಿ ಕಟ್ಟಿದ ಗಂಡ ಮಾತ್ರ. ಇಂಗ್ಲಿಷ್‌ನ ಸೋಲ್‌ಮೇಟ್ ಗಂಡನೇ ಆಗಬೇಕೆಂದಿಲ್ಲ, ಕೆಲವರಿಗೆ ಗೆಳತಿಯೂ ಆದೀತು. ಮದುವೆಯಾದವರೆಲ್ಲ ಸೋಲ್‌ಮೇಟ್‌ಗಳೂ ಅಲ್ಲ. ಮನುಷ್ಯರು ಮೊದಲು ಎರಡು ದೇಹ ಕೂಡಿದವರಾಗಿದ್ದರು, ದೇವರು ಸಿಟ್ಟಿಗೆದ್ದು ಸೀಳಿದ, ಅಂದಿನಿಂದ ಒಂದು ಅರ್ಧ ಇನ್ನೊಂದು ಅರ್ಧವನ್ನು ಹುಡುಕುತ್ತಿದೆ ಎಂಬ ಗ್ರೀಕರ ಹಳೆಯ ಕಥೆಯೊಂದು ಆ ಮಾತಿನ ಬೆನ್ನಿಗಿದೆ ಎಂದು ಅವಳು ಕಾಲೇಜಿನಲ್ಲಿ ಕೇಳಿದ್ದಳು. ಅಲ್ಲಿ ಇರುವುದು ಹುಡುಕಾಟ. ಹಿಂದಿನ ಜನ್ಮದ ಬಾಕಿಯೂ ಇಲ್ಲ, ಮುಂದಿನ ಜನ್ಮದ ಕರಾರೂ ಇಲ್ಲ. ಕೊನೆಗೆ ಅವಳು "ಮನ ಒಪ್ಪಿದ ಜೀವದ ಜೊತೆಗಾರ" ಎಂದು ಬರೆದುಕೊಟ್ಟಳು.

ಪತ್ರಿಕೆ ಅಚ್ಚಾಗಿ ಬಂದಾಗ ಕಥೆ ಬೇರೆಯೇ ಆಗಿತ್ತು. ಅಂದಾನೆಪ್ಪನವರು ಸೋಡಚೀಟಿಯ ಭಾಗವನ್ನು ಕತ್ತರಿಸಿದ್ದರು. ಕೊನೆಗೆ ತಮ್ಮದೇ ಎರಡು ಸಾಲು ಸೇರಿಸಿದ್ದರು: ಆತ್ಮಕ್ಕೆ ಒಂದೇ ಜೋಡಿ. ದೇಹ ಹೋದರೂ ಏಳೇಳು ಜನ್ಮಕ್ಕೂ ಆ ಜೋಡಿ ಬಿಡದು. ಕೆಳಗೆ, ಅನುವಾದ ಸುರೇಖಾ.

"ಸರ, ಇದು ಆ ಕಥಿ ಅಲ್ರಿ," ಎಂದಳು.

"ಭಾವ ಅದ ಅಲ್ಲೇನವ್ವಾ? ಅವರು ಸೋಲ್‌ಮೇಟ್ ಅಂತಾರ, ನಾವು ಜನ್ಮಜನ್ಮದ ಜೋಡಿ ಅಂತೀವಿ. ಓದೋರಿಗೆ ಲಗೂ ತಿಳೀತೈತಿ."

"ಆಕಿ ಎರಡನೇದಾಂವನ್ನ ಕಂಡು ಹಂಗಂದಾಳ್ರಿ. ನೀವು ಮೊದಲನೇದಾಂವನ್ನ ತಗದು ಒಗದ್ರಿ. ನಿಮ್ಮ ಕನ್ನಡದಾಗ ಆಕಿಗೆ ಎರಡನೇ ಸಲ ನಗಾಕ ಜಾಗಾನ ಇಲ್ಲ."

ಅಂದಾನೆಪ್ಪ ಕೆಟ್ಟವರಲ್ಲ. ಮುಂದಿನ ವಾರ ನೋಡೋಣ ಎಂದು ಕನ್ನಡಕ ಒರೆಸಿಕೊಂಡರು. ಮುಂದಿನ ವಾರ ತಿದ್ದುಪಡಿ ಏನೂ ಬರಲಿಲ್ಲ.

ಮುದ್ರಣಾಲಯಕ್ಕೆ ಬ್ಯಾಡಗಿಯಿಂದ ಕೊಟ್ರೇಶ ಎಂಬಾತ ಬರುತ್ತಿದ್ದ. ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನ ಯಂತ್ರ ನೋಡಿಕೊಳ್ಳುವ ಕೆಲಸ ಅವನದು. ಚೀಲಕ್ಕೆ ಕಟ್ಟುವ ಚೀಟಿಗಳನ್ನು ಅಚ್ಚು ಹಾಕಿಸಲು ಬರುತ್ತಿದ್ದ. ಅವನು ಒಳಗೆ ಬಂದರೆ ಹಿಂದೆಯೇ ಮೆಣಸಿನಕಾಯಿ ಘಾಟು ಬರುತ್ತಿತ್ತು, ಸುರೇಖಾ ಸೀನುತ್ತಿದ್ದಳು, ಅವನು ತಪ್ಪು ಮಾಡಿದವನಂತೆ ಬಾಗಿಲ ಹೊರಗೆ ಹೋಗಿ ನಿಲ್ಲುತ್ತಿದ್ದ. ಆಮೇಲೆ ಇಬ್ಬರೂ ಹೊರಗೇ ನಿಂತು ಮಾತಾಡತೊಡಗಿದರು. ಅವಳು ಕನ್ನಡಕ್ಕೆ ತಂದ ಕಥೆಗಳನ್ನೆಲ್ಲ ಅವನು ಓದುತ್ತಿದ್ದ. ಚೆನ್ನಾಗಿಲ್ಲದ್ದನ್ನು ಚೆನ್ನಾಗಿಲ್ಲ ಎನ್ನುತ್ತಿದ್ದ. ಹಾಗೆ ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ, ಚಹಾ ಕುಡಿಯುತ್ತ, ಬೆವರುತ್ತ, "ಸುರೇಖಾ ಅವರ, ನೀವು ನನ್ನ ಹಣಿಬರಹದಾಗ ಅದೀರಿ ಅನಸ್ತೈತ್ರಿ," ಎಂದ.

ಅವಳ ಮುಖ ಬಿಗಿಯಿತು. "ಆ ಮಾತು ನನಗ ಹೇಳಬ್ಯಾಡ್ರಿ. ಯಾರೋ ಬರದ್ರು ಅಂತ ನೀವು ಬಂದಿದ್ರ ವಾಪಸ್ ಹೋಗ್ರಿ."

ಕೊಟ್ರೇಶ ಗಾಬರಿಯಾದ. ಚಹಾದ ಲೋಟ ಕೆಳಗಿಟ್ಟು, ನಿಧಾನಕ್ಕೆ ಹೇಳಿದ: "ಯಾರೂ ಬರದಿಲ್ರಿ. ನನಗ ನೀವು ಬೇಕು. ನೀವು ಬ್ಯಾಡ ಅಂದ್ರ ಬ್ಯಾಡ."

"ಹಿಂಗ ಹೇಳ್ರಿ ಮತ್ತ," ಎಂದು ಅವಳು ನಕ್ಕಳು.

ಮರುದಿನ ಬಸ್ಸಿನಲ್ಲಿ ಬಿಸ್ಮಿಲ್ಲಾಬಿಗೆ ಎಲ್ಲ ಹೇಳಿದಳು. "ಟೀಚರ, ನಿಮ್ಮೊಳಗ ಇದಕ್ಕ ಏನಂತಾರ್ರಿ? ಗಂಡ ಸತ್ತಾಕಿ ತಕ್‌ದೀರ ಮುಗೀತು ಅಂತಾರೇನು?"

"ತಕ್‌ದೀರ ಖರೇವ," ಎಂದರು ಬಿಸ್ಮಿಲ್ಲಾಬಿ. "ಆಗೋದೆಲ್ಲ ಅಲ್ಲಾಗೆ ಮೊದಲ ಗೊತ್ತು ಅಂತ ನಂಬತೀವಿ. ಆದ್ರ ನನಗೂ ನಿನಗೂ ಗೊತ್ತಿಲ್ಲಲ್ಲ? ಗೊತ್ತಿಲ್ಲದ್ದನ್ನ ತೋರಿಸಿ 'ನೀ ಕುಂದ್ರು' ಅನ್ನಾಕ ಯಾರಿಗೂ ಬರಂಗಿಲ್ಲ. ಜೋಡಿ ಆಸ್ಮಾನದಾಗ ಆಗ್ತಾವ ಅಂತ ನಮ್ಮ ಮುದಕ್ಯಾರೂ ಅಂತಾರ. ಆದ್ರ ನಿಕಾಹ ಅಂದ್ರ ಕರಾರು. ಹುಡುಗಿ ಒಪ್ಪಬೇಕು. ಆಸ್ಮಾನ ಬಂದು ಕಬೂಲ ಅನ್ನಂಗಿಲ್ಲ. ಗಂಡ ತೀರಿದ್ರ ಇದ್ದತ್ತು, ಅಂದ್ರ ನಾಕು ತಿಂಗಳಾ ಹತ್ತು ದಿವಸ ಕಾಯೋದು, ಮುಗಿಸಿ ಮತ್ತ ಮದುವಿ ಆಗಬಹುದು."

"ಮತ್ತ ನಸೀಬ, ಕಿಸ್ಮತ್ತು ಅಂತಾರಲ್ರಿ?"

"ಎರಡೂ ಶಬ್ದದ ಬುಡದಾಗ ಪಾಲು ಅನ್ನೋ ಅರ್ಥ ಐತಿ. ನಿನಗ ಬಂದ ಪಾಲು. ಒಂದ ಪಾಲು ಬಂದು ಹೋದ್ರ ಇನ್ನೊಂದು ಬರಂಗಿಲ್ಲ ಅಂತ ಅದರಾಗಿಲ್ಲ." ಆಮೇಲೆ, "ಹಂಗಂತ ನಮ್ಮ ಓಣ್ಯಾಗ ವಿಧವಾಗೋಳಿಗೆ ಎಲ್ಲಾ ಸುರಳೀತ ಐತಿ ಅಂತ ತಿಳಕೋಬ್ಯಾಡ. ಪುಸ್ತಕದಾಗ ಬಾಗಲಾ ತಗದಿರತೈತಿ. ಮನಿ ಮಂದಿ ಹಾಕಿರತಾರ," ಎಂದರು.

ಸುರೇಖಾ ಮನೆಯಲ್ಲಿ ವಿಷಯ ತೆಗೆದಳು. ಫಕ್ಕೀರವ್ವ ಅಡುಗೆಮನೆಗೆ ಎದ್ದುಹೋದಳು. ವಿಜಯಮಹಾಂತೇಶ ಹಿರಿಯರನ್ನು ಕರೆಸುತ್ತೇನೆ ಎಂದ. ರವಿವಾರ ಬೆಳಿಗ್ಗೆ ಗುತ್ತಲದಿಂದ ಅವನ ಸೋದರಮಾವ ಸೋಮಪ್ಪ ಬಂದರು. ಓಣಿಯ ನಾಲ್ಕು ಜನ ಬಂದರು. ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಸುರೇಖಾ ಕಂಬಕ್ಕೆ ಒರಗದೆ ನೆಟ್ಟಗೆ ನಿಂತಳು.

ವಿಜಯಮಹಾಂತೇಶ ಕಿಸೆಯಿಂದ ಆ ಹಳೆಯ ವಾರಪತ್ರಿಕೆ ತೆಗೆದು ಜೋರಾಗಿ ಓದಿದ. ಆತ್ಮಕ್ಕೆ ಒಂದೇ ಜೋಡಿ. ಏಳೇಳು ಜನ್ಮಕ್ಕೂ ಬಿಡದು. "ವೈನಿ, ಇದನ್ನ ಬರದಾಕಿ ನೀವ. ಊರಿಗೆ ಒಂದು ಹೇಳಿ, ಮನ್ಯಾಗ ಒಂದು ಮಾಡ್ತೀರೇನು? ನಮ್ಮಣ್ಣ ನಿಮ್ಮ ಏಳು ಜನ್ಮದ ಜೋಡಿ. ಅಂವ ಮೇಲೆ ಹಾದಿ ನೋಡಾಕತ್ತಿರತಾನ."

ಕೂತವರು ತಲೆದೂಗಿದರು. ಸುರೇಖಾಳ ಹೆಸರಿನಡಿ ಬೇರೆಯವರು ಬರೆದ ಸಾಲು ಅವಳ ಕೊರಳಿಗೇ ಬಂದು ಬಿದ್ದಿತ್ತು.

"ಅದನ್ನ ಬರದಾಕಿ ನಾ ಅಲ್ಲ, ವಿಜಯ. ಮೂಲ ಕಥಿಯೊಳಗ ಆ ಹೆಂಗಸು ಮೊದಲನೇ ಗಂಡನ್ನ ಬಿಟ್ಟು, ಎರಡನೇದಾಂವನ್ನ ಜೀವದ ಜೊತೆಗಾರ ಅಂದಾಳ. ಅಲ್ಲಿ ಜನ್ಮದ ಮಾತ ಇಲ್ಲ. ಅವರ ಚರ್ಚಿನ್ಯಾಗ ಸುದ್ದಾ ಮದುವಿ ವಚನ ಸಾಯೋತನಕ ಅಷ್ಟ. ಏಳು ಜನ್ಮ ಕನ್ನಡಕ್ಕ ಬರೋ ಮುಂದ ಹತ್ತಿಕೊಂಡಿದ್ದು."

"ಇಂಗ್ಲೀಷರದು ನಮಗ್ಯಾಕ?" ಎಂದರು ಸೋಮಪ್ಪ. "ನಮ್ಮ ಧರ್ಮ ಏನೈತಿ ಅದನ್ನ ಹೇಳವ್ವಾ."

"ನಮ್ಮದ ಹೇಳ್ತೀನ್ರಿ ಮಾವಾರ. ನಾವು ಲಿಂಗಾ ಕಟ್ಟಿದ ಮಂದಿ. ನಿಮ್ಮ ಅಳಿಯಾ ತೀರಿಕೊಂಡಾಗ ಕಾರ್ಡಿನ್ಯಾಗ ಏನಂತ ಹಾಕಿಸಿದ್ರಿ? ಲಿಂಗೈಕ್ಯ ಅಂತ. ಲಿಂಗದಾಗ ಒಂದಾದ್ರು ಅಂತ. ಉಪ್ಪು ನೀರಾಗ ಕರಗಿದಂಗ ಕರಗ್ಯಾರ ಅಂತ ಅಯ್ಯನವರು ಇದ ಪಡಸಾಲ್ಯಾಗ ಕುಂತು ಹೇಳಿದ್ರು. ಕರಗಿದೋರು ಮತ್ತ ಹುಟ್ಟಿ ಬರ್ತಾರೇನ್ರಿ? ಹಾದಿ ನೋಡಾಕತ್ತಾರ ಅಂದ್ರ ಅವರಿಗೆ ಐಕ್ಯ ಆಗೇ ಇಲ್ಲ ಅಂದಂಗಾತು. ಎರಡರಾಗ ಯಾವುದು ಖರೇ ಅಂತ ನೀವ ಹೇಳ್ರಿ."

ಒಬ್ಬರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. ವಿಜಯಮಹಾಂತೇಶ, "ವಾದ ಮಾಡಾಕ ಕಲತೀರಿ," ಎಂದ.

"ಐದು ವರ್ಷ ಹಣಿಬರಹ ಕೇಳಿ ಕಲತೇನಿ," ಎಂದಳು.

ಆಗ ಅಡುಗೆಮನೆಯ ಬಾಗಿಲಲ್ಲಿ ಫಕ್ಕೀರವ್ವ ಬಂದು ನಿಂತಳು. ಅವಳ ಕಣ್ಣು ಕೆಂಪಾಗಿತ್ತು. "ನನ್ನ ಮಗನ ಮಣ್ಣಿಗೆ ಬಂದೋರೆಲ್ಲ ನನಗ ಋಣ ಮುಗೀತು ಅಂದ್ರಿ. ಋಣಾನುಬಂಧ ಅಂದ್ರ ಕೊಟ್ಟು ತಗೊಂಡಿದ್ದು. ತೀರಿದ ಮ್ಯಾಲೆ ಯಾರೂ ಹಿಡದು ಕುಂದ್ರಸಂಗಿಲ್ಲ. ಅಂವಂದು ಆಕೀದು ಋಣ ತೀರೇತಿ. ನಂದು ಆಕೀದು ಇನ್ನೂ ಐತಿ, ಅದಕ್ಕ ಅಳಾಕತ್ತೇನಿ. ಅಷ್ಟ." ಇಷ್ಟು ಹೇಳಿ ಒಳಗೆ ಹೋದಳು. ಹರಸಲಿಲ್ಲ. ಸೊಸೆಯ ಕಡೆ ನೋಡಲೂ ಇಲ್ಲ.

ಸೋಮಪ್ಪ ಮೀಸೆ ತಿರುವಿ, ಒಂದು ದಾರಿ ಹುಡುಕಿದರು. "ಆಗಲಿ. ಹಿಂದಿನಿಂದ ಉಡಕಿ ಅಂತ ಐತಿ. ಕತ್ತಲಾದ ಮ್ಯಾಲೆ, ನಾಕು ಮಂದಿ ಮುಂದ ಸೀರಿ ಉಡಿಸಿ ಕಳಸೋಣ. ವಾಲಗ ಬ್ಯಾಡ, ಹಂದರ ಬ್ಯಾಡ."

ಉಡಕಿ ಎಂದರೆ ವಿಧವೆಯ ಮರುಮದುವೆ. ಅಜ್ಜಿಯರ ಕಾಲದಿಂದ ನಡೆದುಬಂದದ್ದು; ಏಳು ಜನ್ಮದ ಮಾತಿನ ವಿರುದ್ಧ ಅದೇ ದೊಡ್ಡ ಸಾಕ್ಷಿಯಾಗಿತ್ತು. ಆದರೆ ಕತ್ತಲೆಯ ಮಾತು ಸುರೇಖಾಳಿಗೆ ಸೇರಲಿಲ್ಲ.

"ಕತ್ತಲದಾಗ ಯಾಕ್ರಿ ಮಾವಾರ? ನಾ ಏನು ಕದ್ದೇನಿ? ಹಗಲಿನ್ಯಾಗ ಆಗ್ತೀನಿ, ವಾಲಗ ಊದಿಸಿ ಆಗ್ತೀನಿ. ನೀವು ಬಂದ್ರ ನಿಮ್ಮ ಕಾಲ ಬೀಳ್ತೀನಿ. ಬರದಿದ್ರೂ ಆಗ್ತೀನಿ."

ಹಾಗೆಯೇ ಆಯಿತು. ಬ್ಯಾಡಗಿಯ ಒಂದು ಮಠದ ಅಂಗಳದಲ್ಲಿ, ನಡುಹಗಲಿನಲ್ಲಿ, ಮುಹೂರ್ತ ಕೇಳದೆ, ಸ್ವಾಮಿಗಳ ಎದುರು ಕೊಟ್ರೇಶ ತಾಳಿ ಕಟ್ಟಿದ. ಕೋಲ್ಡ್ ಸ್ಟೋರೇಜಿನ ಹಮಾಲರು ಬಂದಿದ್ದರು. ಬಿಸ್ಮಿಲ್ಲಾಬಿ ಸುರೇಖಾಳ ಹೆರಳಿಗೆ ತಾವೇ ಮಲ್ಲಿಗೆ ಮುಡಿಸಿದರು. ಸೋಮಪ್ಪ ಬಂದರು, ಊಟ ಮಾಡದೆ ಹೋದರು. ವಿಜಯಮಹಾಂತೇಶ ಬರಲಿಲ್ಲ. ಫಕ್ಕೀರವ್ವ ಮೂರು ತಿಂಗಳ ಮೇಲೆ, ಯುಗಾದಿಯ ಮುಂದೆ, ಬ್ಯಾಡಗಿಗೆ ಒಬ್ಬಳೇ ಬಸ್ಸು ಹತ್ತಿ ಬಂದು, ಶೇಂಗಾ ಹೋಳಿಗೆಯ ಡಬ್ಬಿ ಕೊಟ್ಟು, ಒಂದು ತಾಸು ಕೂತು ಹೋದಳು.

ಮುದ್ರಣಾಲಯದ ಕೆಲಸ ಸುರೇಖಾ ಬಿಡಲಿಲ್ಲ. ಕರಾರು ಮಾತ್ರ ಬದಲಾಯಿಸಿದಳು. ತನ್ನ ಹೆಸರಿನಡಿ ತಾನು ಬರೆಯದ ಒಂದು ಶಬ್ದ ಬಂದರೂ ಅಂದೇ ಕೊನೆ ಎಂದಳು. ಅಂದಾನೆಪ್ಪ ಗೊಣಗಿ ಒಪ್ಪಿದರು; ಮಾರ್ಗರೆಟ್‌ಳ ಕಥೆಯನ್ನು ಸೋಡಚೀಟಿ ಸಮೇತ ಮತ್ತೆ ಅಚ್ಚು ಹಾಕಿದರು. ಇಬ್ಬರು ಓದುಗರು ಬೈದು ಬರೆದರು.

ಆಮೇಲೆ ಒಂದು ಚೀನೀ ಕಥೆ ಬಂತು. ಇಂಗ್ಲಿಷಿನವರು ಬರೀ 'ಫೇಟ್' ಎಂದು ಬರೆದಿದ್ದರು. ಅಡಿಟಿಪ್ಪಣಿಯಲ್ಲಿ ಮೂಲ ಶಬ್ದ 'ಯುವಾನ್‌ಫೆನ್' ಎಂದಿತ್ತು: ಇಬ್ಬರನ್ನು ಎದುರಿಗೆ ತರುವ ಕಾರಣಗಳ ಕೂಟ, ಭೇಟಿಯ ಭಾಗ್ಯ ಇದ್ದು, ಜೊತೆಗಿರುವ ಭಾಗ್ಯ ಇಲ್ಲದಿರಬಹುದು. ಅಂದಾನೆಪ್ಪ ಹಿಂದಿನಿಂದ ಬಗ್ಗಿ ನೋಡಿ, "ಋಣಾನುಬಂಧ ಅಂತ ಹಾಕವ್ವಾ, ಬರೋಬರಿ ಕುಂದರತೈತಿ," ಎಂದರು.

"ಹತ್ರ ಬರತೈತ್ರಿ. ಆದ್ರ ಋಣ ಅಂದ ಕೂಡಲೇ ನಮ್ಮ ಮಂದಿ ತೀರಿಸೋದ ನೆನಸ್ತಾರ. ಇಲ್ಲಿ ತೀರಿಸೋದು ಏನೂ ಇಲ್ಲ," ಎಂದಳು.

ಆ ಶಬ್ದವನ್ನು ಅವಳು ಅನುವಾದಿಸಲಿಲ್ಲ. ಯುವಾನ್‌ಫೆನ್ ಎಂದೇ ಉಳಿಸಿ, ಕಥೆಯ ಕೆಳಗೆ ಅದರ ಅರ್ಥವನ್ನು ಎರಡು ಸಾಲಿನಲ್ಲಿ ಬರೆದಳು. ಅಂದಾನೆಪ್ಪ ತಲೆ ಕೆರೆದುಕೊಂಡರು, ಆದರೆ ಒಂದಕ್ಷರವನ್ನೂ ಮುಟ್ಟಲಿಲ್ಲ.