ತಾಳೆಯಾಗದ ನಾಲ್ಕು ತಿಂಗಳು

ಚಳ್ಳಕೆರೆಯಲ್ಲಿ ನನ್ನದೊಂದು ಸಣ್ಣ ಆಫೀಸು. ಅಂಗಡಿಗಳ ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ಸಲ್ಲಿಸುವುದು ನನ್ನ ಕೆಲಸ. ನನ್ನ ತವರು ದೇವಸಮುದ್ರದ ಕಡೆ. ನಾನು ಏನು ಕೆಲಸ ಮಾಡುತ್ತೇನೆಂದು ಅವ್ವನಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಯಾರಾದರೂ ಕೇಳಿದರೆ "ಅಂಗಡಿಯೋರ ತಪ್ಪು ಹುಡುಕ್ತಾಳೆ" ಎನ್ನುತ್ತಾಳೆ.

ಒಂದು ಮಧ್ಯಾಹ್ನ ಬುರ್ಖಾ ತೊಟ್ಟ ಹೆಂಗಸೊಬ್ಬರು ಬಂದು, ಎದುರಿನ ಕುರ್ಚಿಯ ತುದಿಯಲ್ಲಿ ಕೂತರು. ವಯಸ್ಸು ಐವತ್ತರ ಆಸುಪಾಸು. ಪಂಪ್‌ಸೆಟ್ ಮತ್ತು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಅವರದು. ಆ ದಾರಿಯಲ್ಲಿ ಓಡಾಡುವಾಗ ನಾನು ಆ ಅಂಗಡಿಯನ್ನು ನೋಡಿದ್ದೆ. ಗಂಡ ತೀರಿಕೊಂಡು ಎರಡು ವರ್ಷದ ಮೇಲಾಗಿತ್ತು. ಮೊದಲು ಲೆಕ್ಕ ಬರೆಯುತ್ತಿದ್ದವರು ಊರು ಬಿಟ್ಟು ಬಳ್ಳಾರಿ ಸೇರಿದ್ದರು. ಈಗ ತೆರಿಗೆ ಇಲಾಖೆಯಿಂದ ಲೆಕ್ಕ ತಪಾಸಣೆಯ ನೋಟಿಸು ಬಂದಿತ್ತು.

"ಓದೋಕೆ ಬರ್ತೈತೆ ತಂಗಿ, ಅರ್ಥ ಆಗಲ್ಲ" ಎಂದು ನೋಟಿಸನ್ನು ನನ್ನ ಮುಂದಿಟ್ಟರು. ನಾನು ಅವರನ್ನು ಮೊದಲ ದಿನದಿಂದಲೇ ಅಕ್ಕ ಎಂಬ ಅರ್ಥದಲ್ಲಿ ಆಪಾ ಎಂದೆ. ಅವರೂ ಬೇಡ ಎನ್ನಲಿಲ್ಲ.

ನೋಟಿಸಿನಲ್ಲಿ ಕೇಳಿದ್ದು ಗಂಡ ತೀರಿಕೊಂಡ ವರ್ಷದ ಲೆಕ್ಕ. ನಾನು ಎರಡು ದಿನ ಕೂತು, ತಿಂಗಳು ತಿಂಗಳಿನ ಮಾರಾಟವನ್ನು ಒಂದು ಹಾಳೆಯಲ್ಲಿ ಇಳಿಸಿದೆ. ಒಂದು ಕಡೆ ಪುಸ್ತಕದಲ್ಲಿರುವ ಮಾರಾಟ, ಪಕ್ಕದಲ್ಲಿ ರಿಟರ್ನ್‌ನಲ್ಲಿ ತೋರಿಸಿದ ಮಾರಾಟ, ಕೊನೆಗೆ ವ್ಯತ್ಯಾಸ. ಪುಸ್ತಕದ ಮಾರಾಟ ಬಹಳ ಹೆಚ್ಚಿತ್ತು. ಆದರೂ ಅದರ ದೊಡ್ಡ ಪಾಲು ಸುಲಭವಾಗಿ ಬಿಡಿಸಿಕೊಂಡಿತು. ಆಗಸ್ಟ್‌ನಲ್ಲಿ ಗಂಡ ತೀರಿಕೊಳ್ಳುವವರೆಗೆ ವ್ಯಾಪಾರ ಅವರ ನೋಂದಣಿಯಲ್ಲಿ ನಡೆದಿತ್ತು. ಆಮೇಲೆ ಆಪಾ ಹೆಸರಿನಲ್ಲಿ ಹೊಸ ನೋಂದಣಿಯಾಗಿತ್ತು. ಲೆಕ್ಕ ಬರೆದವರು ಮಾತ್ರ ಪುಸ್ತಕವನ್ನು ನಡುವೆ ಮುಗಿಸದೆ ಇಡೀ ವರ್ಷ ಒಂದೇ ಆಗಿ ಬರೆದುಬಿಟ್ಟಿದ್ದರು. ಏಪ್ರಿಲ್‌ನಿಂದ ಆಗಸ್ಟ್ ನಡುವಿನವರೆಗಿನ ಮಾರಾಟಕ್ಕೆ ಗಂಡನ ನೋಂದಣಿಯಲ್ಲಿ ತೆರಿಗೆ ಕಟ್ಟಿಯೇ ಇತ್ತು. ಆ ರಿಟರ್ನ್‌ಗಳನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದಾಗ ಅಷ್ಟು ತಾಳೆಯಾಯಿತು.

ಉಳಿದದ್ದು ಆಗಸ್ಟ್ ಕೊನೆಯಿಂದ ಡಿಸೆಂಬರ್‌ವರೆಗಿನದು. ಆ ತಿಂಗಳುಗಳಲ್ಲಿ ಆಪಾ ಹೆಸರಿನ ರಿಟರ್ನ್‌ಗಳೆಲ್ಲ ಸೊನ್ನೆ. ಪುಸ್ತಕದಲ್ಲಿ ಮಾತ್ರ ಮಾರಾಟವಿತ್ತು.

"ಆಗ ನಾನು ಇದ್ದತ್‌ನಲ್ಲಿದ್ದೆ" ಎಂದರು ಆಪಾ. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕಾದ ಕಾಲ ಅದು. "ಅಂಗಡಿ ಬಂದ್ ಆಗಿತ್ತು. ಲೆಕ್ಕದವರಿಗೂ ಹಂಗೇ ಹೇಳಿದ್ದೆ."

ಬಳ್ಳಾರಿಗೆ ಹೋದ ಲೆಕ್ಕದವರಿಗೆ ಫೋನ್ ಮಾಡಿದೆ. ಅಂಗಡಿ ಮುಚ್ಚಿದೆ ಎಂದದ್ದಕ್ಕೆ ಸೊನ್ನೆ ರಿಟರ್ನ್ ಹಾಕಿದ್ದು ನಿಜವೆಂದರು. ವರ್ಷದ ಕೊನೆಗೆ ಮಾಲು ಎಣಿಸಿದಾಗ ಪುಸ್ತಕದಲ್ಲಿದ್ದಷ್ಟು ಮಾಲು ಅಂಗಡಿಯಲ್ಲಿ ಇರಲಿಲ್ಲವಂತೆ. ಅದೇ ತಿಂಗಳುಗಳಲ್ಲಿ ಆಪಾ ಖಾತೆಗೆ ಆಗಾಗ ನಗದು ಜಮೆಯಾಗಿತ್ತು. ಮಾಲು ಹೋಗಿದೆ, ಹಣ ಬಂದಿದೆ, ಹಾಗಾದರೆ ಮಾರಾಟವೇ ಎಂದು ಪುಸ್ತಕದಲ್ಲಿ ಬರೆದರು. ರಿಟರ್ನ್ ಸರಿಪಡಿಸುವುದು ಬಿಟ್ಟುಹೋಯಿತು. ಮುಂದಿನ ತಿಂಗಳ ರಿಟರ್ನ್‌ಗಳಲ್ಲಿ ಸರಿಮಾಡಲು ಇದ್ದ ಗಡುವೂ ಈಗ ದಾಟಿತ್ತು.

"ಆ ದುಡ್ಡು ಯಾರು ಹಾಕಿದ್ದು ಆಪಾ?"

"ನಮ್ಮ ಮೈದುನ. ಹಳೇ ಬಾಕಿ ವಸೂಲಿ ಅಂತ ಅತ್ತೆ ಕೈಲಿ ಹೇಳಿ ಕಳಿಸ್ತಿದ್ದ." ಆಮೇಲೆ, "ಅಂಗಡಿ ಬೀಗದಕೈ ಅವನ ಹತ್ರಾನೇ ಇತ್ತು" ಎಂದರು. ಆ ಮಾತು ಹೇಳಿದ ಮೇಲೆ ಅವರ ಮುಖ ಕಳೆಗುಂದಿತು. ನಾನು ಹಾಳೆ ಮಡಚಿಟ್ಟೆ.

ಅಧಿಕಾರಿಗಳು ಇಬ್ಬರು ಅಂಗಡಿಗೇ ಬಂದರು. ಹಿರಿಯರು ಮೆಲುಮಾತಿನವರು. ಆಪಾ ಕೊಟ್ಟ ಚಹಾ ಕುಡಿದು, ನನ್ನ ಹಾಳೆಯನ್ನು ಮೇಲಿನಿಂದ ಕೆಳಗೆ ನೋಡಿದರು. ಗಂಡನ ನೋಂದಣಿಯ ತಿಂಗಳುಗಳಿಗೆ ಟಿಕ್ ಹಾಕಿದರು. ಆಮೇಲೆ ಪೆನ್ನು ಸೊನ್ನೆಗಳ ಮೇಲೆ ನಿಂತಿತು.

"ಅಮ್ಮಾ, ಅಂಗಡಿ ಮುಚ್ಚಿತ್ತು ಅಂತೀರಿ. ಮಾಲು ಹೇಗೆ ಖಾಲಿಯಾಯ್ತು?"

ಆಪಾ ನನ್ನ ಮುಖ ನೋಡಿದರು.

ಅಧಿಕಾರಿ ನನ್ನ ಕಡೆ ತಿರುಗಿದರು. "ನೋಡಿ ಮೇಡಂ, ವ್ಯತ್ಯಾಸ ಇರೋದೇ ತಪ್ಪು ಅಂತ ನಾವು ಹೇಳಲ್ಲ. ಕಾರಣ ತೋರಿಸಿದರೆ ಅದನ್ನೂ ಬರೆದುಕೊಳ್ಳುತ್ತೇವೆ. ಕಾರಣ ಯಾರೂ ಹೇಳದಿದ್ದರೆ ಕಾಗದ ಹೇಳಿದ್ದನ್ನೇ ನಂಬಬೇಕಾಗುತ್ತೆ. ಸೊನ್ನೆ ರಿಟರ್ನ್ ಹಾಕಿ, ಬಿಲ್ ಇಲ್ಲದೆ ಮಾಲು ಮಾರಿದ್ದಾರೆ ಅಂತ ಆಗುತ್ತೆ. ಬೇಕಂತಲೇ ಮುಚ್ಚಿಟ್ಟದ್ದು ಅಂತ ತೀರ್ಮಾನ ಆದರೆ ತೆರಿಗೆ, ಬಡ್ಡಿ, ಮೇಲೆ ತೆರಿಗೆಯಷ್ಟೇ ದಂಡ." ವಿವರಣೆಗೆ ಒಂದು ವಾರ ಕೊಟ್ಟು ಹೊರಟರು.

ಅವರು ಹೋದ ಮೇಲೆ ಆಪಾ ಅಂಗಡಿಯ ಶಟರ್ ಅರ್ಧ ಎಳೆದು ನನ್ನ ಪಕ್ಕ ಕೂತರು. "ದಂಡಾನೂ ಕಟ್ಟಿಬಿಡ್ತೀನಿ ತಂಗಿ. ಮೈದುನನ ಹೆಸರು ಬರೀಬೇಡ."

"ಅವರು ಮಾರ್ಕೊಂಡ್ರು ಅಂತ ನಿಮಗೆ ಗೊತ್ತಾ?"

"ಗೊತ್ತಿಲ್ಲ. ಮಾರಿದ್ರೂ ಏನು, ಅವರಣ್ಣನ ಮಾಲು. ಅವನಿಗೂ ಸಂಸಾರ ಐತೆ."

"ದಂಡ ಕಟ್ಟಿದ್ರೆ ಮುಗಿಯಲ್ಲ ಆಪಾ. ಬೇಕಂತ ಮುಚ್ಚಿಟ್ಟರು ಅಂತ ನಿಮ್ಮ ಹೆಸರಿನ ಮೇಲೆ ಬರೀತಾರೆ. ನೀವು ಹೋಗಿ ಕೇಳದೇ ಇದ್ರೆ ಮೈದುನನ ಮೇಲೆ ನಿಮಗಿರೋ ಅನುಮಾನಾನೂ ಹಂಗೇ ಉಳೀತೈತೆ."

ಆಪಾ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಕೊನೆಗೆ, "ನೀನೂ ಜೊತೆಗೆ ಬರ್ತೀಯಾ?" ಎಂದರು.

ಮೈದುನನದು ಮೊಳಕಾಲ್ಮುರಿನಲ್ಲಿ ಮೋಟಾರ್ ರಿಪೇರಿ ಮಾಡುವ ಗ್ಯಾರೇಜು. ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆವು. ಬಸ್ಸು ತಳಕು ದಾಟಿತು. ಹಾನಗಲ್ ಬರುವ ಹೊತ್ತಿಗೆ ಆಪಾ, ಮದುವೆಯಾಗಿ ಬಂದಾಗ ಈ ಮೈದುನ ಶಾಲೆಗೆ ಹೋಗುವ ಹುಡುಗನಾಗಿದ್ದ, ತಾನೇ ತಲೆ ಬಾಚಿ ಕಳಿಸುತ್ತಿದ್ದೆ ಎಂದು ಹೇಳಿದರು. ಅಣ್ಣ ಸತ್ತ ಮೇಲೆ ಅವನು ಮನೆಗೆ ಬರುವುದನ್ನೇ ಕಡಿಮೆ ಮಾಡಿದ್ದ. ಅವನ ಮನಸ್ಸಿನಲ್ಲಿ ಏನೋ ಇದೆ ಎಂದು ಅವರು ಅಂದುಕೊಂಡಿದ್ದರು.

ಗ್ಯಾರೇಜಿನ ಮುಂದೆ ಬಿಚ್ಚಿಟ್ಟ ಮೋಟಾರುಗಳು ಸಾಲಾಗಿದ್ದವು. ಮೈದುನ ತಾಮ್ರದ ತಂತಿ ಸುತ್ತುತ್ತ ಕೂತಿದ್ದರು. ಅತ್ತಿಗೆಯನ್ನು ಕಂಡು ಗಡಬಡಿಸಿ ಎದ್ದು, ಕೈ ಒರೆಸಿಕೊಂಡು ಒಳಗಿನಿಂದ ಕುರ್ಚಿ ತಂದರು. ಆಪಾ ಕೇಳಲಾರದೆ ನನ್ನನ್ನು ನೋಡಿದರು. ನಾನು ಹಾಳೆ ಬಿಡಿಸಿ ಅಧಿಕಾರಿ ಕೇಳಿದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಹಾಳೆ ನೋಡಲಿಲ್ಲ. ಅತ್ತಿಗೆಯ ಕಡೆಗೂ ನೋಡಲಿಲ್ಲ. "ಮಾರಿದ್ದು ನಿಜ ಭಾಭಿ" ಎಂದರು. "ನಾನೊಬ್ನೇ ಅಲ್ಲ. ನಿಮ್ಮ ಅಂಗಡಿ ಸಾಲಿನ ಮೆಕ್ಯಾನಿಕ್‌ಗಳೆಲ್ಲ ಸೇರಿ."

ಕೈ ಒರೆಸಿಕೊಂಡ ಬಟ್ಟೆಯನ್ನು ಮಡಚುತ್ತ ಅವರೇ ಮುಂದುವರಿಸಿದರು.

"ಶೇಂಗಾಕ್ಕೆ ನೀರು ಬಿಡೋ ಟೈಮು. ಹಳ್ಳಿಯೋರು ಬಂದು ಶಟರ್ ಮುಂದೆ ನಿಂತ್ಕೊಳ್ಳೋರು. ನಾಲ್ಕು ತಿಂಗಳು ಬಂದ್ ಮಾಡಿದ್ರೆ ಗಿರಾಕಿ ಬೇರೆ ಕಡೆ ಹೋಗ್ತಾರೆ, ಭಾಭಿ ಇದ್ದತ್ ಮುಗಿಸಿ ಬಂದಾಗ ಅಂಗಡೀನೇ ಇರಲ್ಲ ಅಂತ ಎಲ್ಲಾರೂ ಅಂದ್ರು. ದಿನಾ ಬೆಳಿಗ್ಗೆ ಎರಡು ತಾಸು ಸರದಿ ಮೇಲೆ ತೆಗೀತಿದ್ವಿ. ಬೀಗದಕೈ ಅವರ ಹತ್ರ ಬಿಟ್ಟು, ನಾನು ವಾರಕ್ಕೆ ಎರಡು ಸಲ ಇಲ್ಲಿಂದ ಹೋಗ್ತಿದ್ದೆ. ಬಂದಿದ್ದೆಲ್ಲ ನಿಮ್ಮ ಖಾತೆಗೆ ಹಾಕಿದ್ದೀನಿ. ಒಂದು ರೂಪಾಯಿ ಚಹಾಕ್ಕೂ ಮುಟ್ಟಿಲ್ಲ."

"ಬಿಲ್ ಯಾಕೆ ಬರೀಲಿಲ್ಲ?" ನಾನು ಕೇಳಿದೆ.

"ಬಿಲ್ ಬುಕ್ ಮೇಲೆ ಅಣ್ಣನ ಹೆಸರಿತ್ತು ಮೇಡಂ. ತೀರ್ಕೊಂಡೋರ ಹೆಸರಲ್ಲಿ ಹೆಂಗೆ ಬರೀಲಿ? ಕೈ ಬರಲಿಲ್ಲ."

"ನನಗ್ಯಾಕೆ ಹೇಳಲಿಲ್ಲ?" ಆಪಾ ಧ್ವನಿ ಕೇಳಿಸುವಷ್ಟೂ ಇರಲಿಲ್ಲ.

"ನೀವು ಎದುರಿಗೆ ಬರೋ ಹಂಗಿರಲಿಲ್ಲ. ಅಮ್ಮನ ಕೈಲಿ ಹೇಳಿಸಿದ್ರೆ ಬೇಡ ಅಂತಿದ್ರಿ. ಅದಕ್ಕೇ ಹಳೇ ಬಾಕಿ ಅಂದೆ. ಆಮೇಲೆ ಹೇಳೋಣ ಅಂದ್ರೆ, ಸುಳ್ಳು ಹೇಳಿದ್ದೀನಲ್ಲ ಅಂತ ಮನೆಗೆ ಬರೋಕೇ ನಾಚಿಕೆ ಆಯ್ತು."

ಆಪಾ ಎದ್ದು ಹೋಗಿ ಅವರ ತಲೆಯ ಮೇಲೆ ಕೈಯಿಟ್ಟರು. ಐದಾರು ಮಾತು ಉರ್ದುವಿನಲ್ಲಿ ಆಡಿದರು, ನನಗೆ ತಿಳಿಯಲಿಲ್ಲ. ನಲವತ್ತು ದಾಟಿದ ಆ ಮನುಷ್ಯ ತಲೆ ಬಗ್ಗಿಸಿಕೊಂಡೇ ನಿಂತಿದ್ದರು. ನಾನು ಹೊರಗೆ ಬಂದು, ಬಸ್ಸು ಹೋಗುವ ರಸ್ತೆ ನೋಡುತ್ತ ನಿಂತೆ.

ವಾರದೊಳಗೆ ವಿವರಣೆ ಬರೆದೆ. ಮೈದುನ ತಾವೇ ಚಳ್ಳಕೆರೆಗೆ ಬಂದು ಹೇಳಿಕೆಗೆ ಸಹಿ ಹಾಕಿದರು. ಜಮೆ ಮಾಡಿದ ಚೀಟಿಗಳು ಅವರ ಹತ್ತಿರ ಇದ್ದವು. ಅವುಗಳ ಮೊತ್ತ ಪುಸ್ತಕದ ಆ ತಿಂಗಳುಗಳ ಮಾರಾಟಕ್ಕೆ ಸರಿಯಾಗಿ ಕೂತಿತು. ಸಾಲಿನ ಮೂವರು ಮೆಕ್ಯಾನಿಕ್‌ಗಳು ಗ್ರೀಸು ಮೆತ್ತಿದ ಕೈ ತೊಳೆದುಕೊಂಡು ಬಂದು ತಾವೂ ಸಹಿ ಮಾಡಿದರು. ಅವರಲ್ಲೊಬ್ಬ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾರೆ, ನಮ್ಮಿಂದ ಭಾಭಿಗೆ ದಂಡ ಬೀಳ್ತದಾ?" ಎಂದು ಕೇಳಿದ.

ಹಿರಿಯ ಅಧಿಕಾರಿ ಎಲ್ಲವನ್ನೂ ಓದಿದರು. "ಮಾಲು ಹೋಗಿದ್ದಕ್ಕೆ ಹಣ ಬ್ಯಾಂಕಿಗೆ ಬಂದಿದೆ, ಪುಸ್ತಕದಲ್ಲೂ ಇದೆ. ಮುಚ್ಚಿಡುವವರು ಬ್ಯಾಂಕಿಗೆ ಕಟ್ಟಲ್ಲ" ಎಂದರು. "ಆದರೆ ಮಾರಾಟ ಮಾರಾಟವೇ. ನೋಂದಣಿ ಆಗಲೇ ನಿಮ್ಮ ಹೆಸರಲ್ಲಿತ್ತು. ತೆರಿಗೆ ಕಟ್ಟಲೇಬೇಕು ಅಮ್ಮಾ, ಬಡ್ಡಿ ಸಮೇತ."

ತೆರಿಗೆ ಬೇರೆಯಾಗಿ ವಸೂಲಿ ಮಾಡಿಲ್ಲ, ಪಡೆದ ಹಣದಲ್ಲೇ ತೆರಿಗೆ ಸೇರಿದೆ ಎಂದು ಲೆಕ್ಕ ಹಾಕಲು ಕೇಳಿಕೊಂಡೆ. ಒಪ್ಪಿದರು. ಅದರಿಂದ ಮೊತ್ತ ಸ್ವಲ್ಪ ಇಳಿಯಿತು. ಈವರೆಗೆ ಬಂದಿದ್ದು ತಪಾಸಣೆಯ ನೋಟಿಸು ಮಾತ್ರ; ತೆರಿಗೆ ಕಟ್ಟಿ ಎನ್ನುವ ನೋಟಿಸು ಜಾರಿಯಾಗುವ ಮೊದಲೇ ಸ್ವಇಚ್ಛೆಯಿಂದ ಕಟ್ಟಿದರೆ, ವಂಚನೆಯ ಉದ್ದೇಶವಿಲ್ಲದ ಪ್ರಕರಣದಲ್ಲಿ ದಂಡವಿರುವುದಿಲ್ಲ. ನನ್ನ ಆಫೀಸಿನಲ್ಲೇ ಕೂತು ಆಪಾ ಅಂದೇ ಕಟ್ಟಿದರು. ಅರ್ಧ ತಾನು ಕೊಡುತ್ತೇನೆಂದು ಮೈದುನ ಹಟ ಹಿಡಿದರು. "ಅಂಗಡಿ ಉಳಿಸಿ ಕೊಟ್ಟಿದ್ದೀಯಲ್ಲ, ಸಾಕು ಬಿಡು" ಎಂದರು ಆಪಾ.

ಕೆಲವು ವಾರಗಳ ನಂತರ ತಪಾಸಣಾ ವರದಿ ಬಂತು. ಆ ನಾಲ್ಕು ತಿಂಗಳ ಭಾಗವನ್ನು ಓದಿ ಹೇಳು ಎಂದು ಆಪಾ ನನ್ನ ಮುಂದೆ ಕೂತರು. ಮಾಲೀಕರ ಮರಣಾನಂತರ ಕುಟುಂಬದವರು ಮತ್ತು ಪರಿಚಿತರು ನಡೆಸಿದ ಮಾರಾಟ, ತೆರಿಗೆ ಬಡ್ಡಿಸಹಿತ ಪಾವತಿಯಾಗಿದೆ, ಆಕ್ಷೇಪಣೆ ಇತ್ಯರ್ಥವಾಗಿದೆ ಎಂದು ನಾನು ಕನ್ನಡದಲ್ಲಿ ಬಿಡಿಸಿ ಹೇಳಿದೆ.

"ಪರಿಚಿತರು ಅಂದ್ರೆ?"

"ಗೊತ್ತಿರೋರು ಅಂತ."

"ದೋಸ್ತರು ಅಂತ ಬರೆಯೋಕೆ ಬರಲ್ವಾ ಸರ್ಕಾರಕ್ಕೆ?" ಎಂದು ನಕ್ಕರು. ನಾನು ಅವರ ನಗು ನೋಡಿದ್ದು ಅದೇ ಮೊದಲು. ಆಮೇಲೆ ವರದಿಯ ಆ ಪುಟದ ನಾಲ್ಕು ಜೆರಾಕ್ಸ್ ಬೇಕು ಎಂದರು. ಒಂದು ಮೈದುನನಿಗೆ, ಮೂರು ಸಾಲಿನ ಮೆಕ್ಯಾನಿಕ್‌ಗಳಿಗೆ. ಅವರು ಇಟ್ಟುಕೊಂಡು ಏನು ಮಾಡುತ್ತಾರೆಂದು ನಾನು ಕೇಳಲಿಲ್ಲ. ತೆಗೆದು ಕೊಟ್ಟೆ.