ಅತ್ತಿಗೆ ನಗುವುದನ್ನು ಬಿಟ್ಟಿದ್ದು

ನನ್ನ ಅತ್ತಿಗೆ ಬಹಳ ಗಂಭೀರ ಹೆಂಗಸು ಎಂದು ನಮ್ಮ ಹೊಲಿಗೆ ಸಂಘದ ವರದಿಯಲ್ಲಿ ಅಚ್ಚಾಗಿದೆ. ಮಿತಭಾಷಿ, ದೃಢಚಿತ್ತೆ ಎಂದೂ ಇದೆ. ಅದನ್ನು ಓದಿದಾಗ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಏಕೆಂದರೆ ಮೂವತ್ತು ವರ್ಷ ಆಕೆ ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಂತು ನಕ್ಕಿದ್ದನ್ನು ನಾನು ಕಣ್ಣಾರೆ ಕಂಡವಳು. ಮೊದಲು ಕತ್ತರಿಯನ್ನು ಪಕ್ಕಕ್ಕೆ ಇಡುತ್ತಿದ್ದಳು. ಆಮೇಲೆ ಭುಜ ಕುಣಿಯುತ್ತಿತ್ತು, ಆಮೇಲೆ ಹೊಟ್ಟೆ, ಕೊನೆಗೆ ಮೇಜಿಗೆ ಪಟಪಟನೆ ಏಟು. ಹದಿನಾರು ಮಿಷನ್ನುಗಳ ಸದ್ದನ್ನೂ ಮೀರಿ ಆ ನಗು ಬೀದಿಗೆ ಕೇಳುತ್ತಿತ್ತು. ನಗಿಸುತ್ತಿದ್ದವಳು ನಾನು. ಅಣ್ಣನ ಹೆಂಡತಿ ಎನ್ನುವುದು ಹೆಸರಿಗೆ ಮಾತ್ರ. ನನ್ನ ಮಟ್ಟಿಗೆ ಆಕೆ ನಾನು ಸಂಪಾದಿಸಿದ ಏಕೈಕ ಪ್ರೇಕ್ಷಕಿ.

ಆಸ್ಪತ್ರೆಯ ನಿಲುವಂಗಿಗಳ ಆರ್ಡರು ನಮಗೆ ಬರುತ್ತದೆ. ಅದನ್ನು ಪರೀಕ್ಷಿಸಲು ಬರುವ ಅಧಿಕಾರಿಗೆ ನಾವಿಟ್ಟ ಹೆಸರು ಕೆಮ್ಮು ಸಾಹೇಬರು. ಅಂಗಿಯನ್ನು ಬೆಳಕಿಗೆ ಹಿಡಿಯುತ್ತಾರೆ, ಮೂರು ಸಲ ಕೆಮ್ಮುತ್ತಾರೆ, ಆಮೇಲೆ "ಹ್ಞೂಂ" ಎನ್ನುತ್ತಾರೆ. ಒಂದು ಮಧ್ಯಾಹ್ನ ಅವರು ಹೋದದ್ದೇ ತಡ, ನಾನು ಅವರಾದೆ. ಎರಡನೇ ಕೆಮ್ಮಿಗೇ ಅತ್ತಿಗೆ ಬಿದ್ದು ಬಿದ್ದು ನಕ್ಕಳು. ಮೂರನೆಯದಕ್ಕೆ, ದಾರ ಹರಿದ ಮಿಷನ್ನಿನ ಹಾಗೆ, ತಟ್ಟನೆ ನಗು ನಿಲ್ಲಿಸಿದಳು. ಮೆಲ್ಲನೆ ಸ್ಟೂಲಿನ ಮೇಲೆ ಕೂತವಳು ಎಲ್ಲರೂ ಮನೆಗೆ ಹೋಗುವವರೆಗೂ ಮೇಲೇಳಲಿಲ್ಲ. ಕಾಲು ಜೋಮು ಹಿಡಿದಿದೆ ಎಂದಳು.

ಮರುದಿನದಿಂದ ನಗು ಬಂದ್.

ನಾನು ನನ್ನ ಇಡೀ ಸರಕು ಸುರಿದೆ. ಕೆಮ್ಮಿದೆ, ಕುಂಟಿದೆ, ಮೂಗಿನಲ್ಲಿ ಮಾತಾಡಿದೆ. ಅವಳು ತುಟಿ ಬಿಗಿದು ಗೋಡೆ ನೋಡಿದಳು. ಏನೋ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಎಂದುಕೊಂಡೆ. ನನಗೂ ಸಿಟ್ಟು ಬಂತು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುವಂಥದ್ದು. ಮೂರು ತಿಂಗಳು ನಮ್ಮ ಮಧ್ಯೆ ಸೀಮೆಸುಣ್ಣ, ಗುಂಡಿ, ದಾರದ ಮಾತು ಬಿಟ್ಟರೆ ಬೇರೆ ಮಾತಿಲ್ಲ.

ಇತ್ತ ಸಂಘದಲ್ಲಿ ಅವಳ ಬೆಲೆ ಏರತೊಡಗಿತು. ಗಾಢ ಬಣ್ಣದ ಬಟ್ಟೆ ಮಾತ್ರ ಉಡುತ್ತಾಳೆ, ಎಂಥ ಸರಳತೆ! ಮೇಜನ್ನು ಹಿಂಬಾಗಿಲ ಪಕ್ಕಕ್ಕೆ ಸರಿಸಿಕೊಂಡಿದ್ದಾಳೆ, ಗೋದಾಮಿನ ಮೇಲೆ ಎಂಥ ನಿಗಾ! ಜಗಳ ತೀರ್ಮಾನಕ್ಕೆ ಅವಳ ಹತ್ತಿರ ಹೋದರೆ ಐದು ನಿಮಿಷ ತುಟಿ ಬಿಗಿದು ಕೇಳುತ್ತಾಳೆ, ಆರನೆಯ ನಿಮಿಷಕ್ಕೆ "ಇಬ್ಬರದೂ ತಪ್ಪು, ಏಳಿ" ಎಂದು ತಾನೂ ಎದ್ದು ಹಿಂಬಾಗಿಲಿನಿಂದ ಹೊರಟುಬಿಡುತ್ತಾಳೆ. ಇಷ್ಟು ನಿಷ್ಠುರವಾಗಿ ನ್ಯಾಯ ಹೇಳುವವರು ಸಂಘದಲ್ಲಿ ಇದುವರೆಗೆ ಇರಲೇ ಇಲ್ಲ ಎಂದು ಎಲ್ಲರೂ ಒಪ್ಪಿದರು. ಹಳೆಯ ಅಧ್ಯಕ್ಷೆ ನಿವೃತ್ತಿಯಾದಾಗ ಅವಿರೋಧವಾಗಿ ಇವಳನ್ನೇ ಕೂರಿಸಿದರು.

ಅಂದು ನನಗೆ ತಡೆಯಲಾಗಲಿಲ್ಲ. ಗೋದಾಮಿಗೆ ನುಗ್ಗಿ ಕೇಳಿದೆ. "ಅತ್ತಿಗೆ, ನೇರವಾಗಿ ಹೇಳಿಬಿಡಿ. ನನ್ನ ಮೇಲೆ ಏನು ಕೋಪ ನಿಮಗೆ?"

ಅವಳ ಕೈಯಲ್ಲಿ ಒದ್ದೆಯಾದ, ಮಡಿಸಿದ ತುಂಡುಬಟ್ಟೆ ಇತ್ತು. ಬಚ್ಚಿಡಲು ಜಾಗ ಹುಡುಕಿದಳು, ಸಿಗಲಿಲ್ಲ. ನನ್ನ ಮುಖ ನೋಡಿದಳು.

"ಕೋಪ ಅಲ್ಲ ಕಣೇ," ಎಂದಳು. "ಒದ್ದೆ. ನಕ್ಕರೆ ಉಚ್ಚೆ ಹೋಗುತ್ತೆ. ಸೀನಿದ್ರೂ ಹೋಗುತ್ತೆ, ಬಟ್ಟೆ ಗಂಟು ಎತ್ತಿದ್ರೂ ಹೋಗುತ್ತೆ. ಅರವತ್ನಾಲ್ಕು ವರ್ಷದವಳು ಮಗು ಥರ ಆದೆ. ಯಾರ ಹತ್ರ ಹೇಳ್ಲಿ? ನಿನ್ನ ಅಣ್ಣನಿಗೂ ಹೇಳಿಲ್ಲ."

ನನ್ನ ಮೂರು ತಿಂಗಳ ಸಿಟ್ಟು ನೆನೆದು ನನಗೇ ನಾಚಿಕೆಯಾಯಿತು. ಅವಳ ಕೈ ಹಿಡಿದು ಅತ್ತುಬಿಟ್ಟೆ. ಮೂರು ತಿಂಗಳಿಂದ ದಿನಕ್ಕೆ ಎರಡೇ ಲೋಟ ನೀರು ಕುಡಿಯುತ್ತಿದ್ದಳಂತೆ. ಬಂದರೂ ಬರದಿದ್ದರೂ ಅರ್ಧ ಗಂಟೆಗೊಮ್ಮೆ ಹಿಂಬಾಗಿಲಾಚೆಯ ಪಾಯಿಖಾನೆಗೆ ಓಡುತ್ತಿದ್ದಳಂತೆ. ಈಗ ಉರಿಯೂ ಶುರುವಾಗಿತ್ತು.

ಮಾರನೆಯ ದಿನ ಅವಳನ್ನು ಎಳೆದುಕೊಂಡೇ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿದರು, ಸೋಂಕು ಇತ್ತು, ಮಾತ್ರೆ ಬರೆದರು. ಉಳಿದದ್ದನ್ನು ಹೇಳಿಕೊಟ್ಟವಳು ನರ್ಸಮ್ಮ. ಆಕೆಗೆ ಈ ವಿಷಯ ಹವಾಮಾನದಷ್ಟೇ ಸಾಮಾನ್ಯ.

"ನೀರು ಕಡಿಮೆ ಮಾಡಿದ್ದೇ ತಪ್ಪು ಕಣಮ್ಮ. ಮೂತ್ರ ಗಟ್ಟಿಯಾದ್ರೆ ಒಳಗೆ ಇನ್ನೂ ಕೆರಳುತ್ತೆ. ನೀರು ಸರಿಯಾಗಿ ಕುಡೀರಿ, ಟೀ ಕಾಫಿ ಕಡಿಮೆ ಮಾಡಿ. ಮಲಬದ್ಧತೆ ಆಗದ ಹಾಗೆ ನೋಡ್ಕೊಳ್ಳಿ. ಸುಮ್ ಸುಮ್ನೆ ಓಡಬೇಡಿ, ವಾರಕ್ಕೆ ಹದಿನೈದು ನಿಮಿಷದಂತೆ ಮುಂದೂಡ್ತಾ ಹೋಗಿ, ಎರಡು ಮೂರು ಗಂಟೆಗೊಮ್ಮೆ ಹೋಗೋ ಹಾಗೆ ಆಗ್ಲಿ."

ಆಮೇಲೆ ವ್ಯಾಯಾಮ. ಉಚ್ಚೆಯನ್ನೂ ಗಾಳಿಯನ್ನೂ ಒಟ್ಟಿಗೆ ತಡೆಯುವ ಹಾಗೆ ಒಳಗಿನಿಂದ ಮೇಲಕ್ಕೆ ಎಳೆದುಕೊಳ್ಳಬೇಕು. ಐದು ಎಣಿಸಿ ಬಿಡಬೇಕು, ಅಷ್ಟೇ ಹೊತ್ತು ಬಿಡುವು, ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು.

"ಮೂರು ತಿಂಗಳು ಬಿಡದೆ ಮಾಡಿ. ಸೀನೋಕೆ, ಭಾರ ಎತ್ತೋಕೆ, ನಗೋಕೆ ಮುಂಚೆ ಒಮ್ಮೆ ಬಿಗಿ ಹಿಡೀರಿ. ಸೋರೋದು ಎಷ್ಟೋ ಕಡಿಮೆಯಾಗುತ್ತೆ."

"ನಗು ಏನು ಹೇಳಿ ಕಳಿಸಿ ಬರುತ್ತಾ?" ಎಂದಳು ಅತ್ತಿಗೆ, ನನ್ನತ್ತ ಬೆರಳು ತೋರಿಸುತ್ತಾ. "ನಗಿಸೋಳು ಇವಳು."

ನರ್ಸಮ್ಮ ನನ್ನ ಕಡೆ ತಿರುಗಿದಳು. "ನಗಿಸೋರು ಹೇಳ್ಬೇಕಪ್ಪ."

ಹೀಗೆ ಹುಟ್ಟಿತು ನಮ್ಮ ಒಪ್ಪಂದ. ತಮಾಷೆಗೆ ಮುಂಚೆ ನಾನು ಕತ್ತರಿಯಿಂದ ಮೇಜನ್ನು ಎರಡು ಸಲ ಕುಟ್ಟಬೇಕು, ಅವಳು ಬಿಗಿ ಹಿಡಿಯಬೇಕು, ಆಮೇಲೆ ನಾನು ಮುಂದುವರಿಯಬೇಕು. ಮುನ್ಸೂಚನೆ ಕೊಟ್ಟು ತಮಾಷೆ ಮಾಡುವುದು ಎಂಥ ಅವಮಾನ ಎನ್ನುವುದು ಕಲಾವಿದರಿಗೆ ಮಾತ್ರ ಗೊತ್ತು. ಆದರೂ ಕುಟ್ಟಿದೆ. ಮೊದಮೊದಲು ಗೋದಾಮಿನ ಬಾಗಿಲು ಹಾಕಿಕೊಂಡು ಒಂದು ಮುಗುಳ್ನಗೆ, ಆಮೇಲೆ ಭುಜದವರೆಗೆ.

ಮುಟ್ಟಿನ ಪ್ಯಾಡು ಉಚ್ಚೆಗೆ ಸಾಲದು, ಇದಕ್ಕೆಂದೇ ಬೇರೆ ಸಿಗುತ್ತದೆ ಎಂದಿದ್ದಳು ನರ್ಸಮ್ಮ. ತಂದು ನೋಡಿದ ಅತ್ತಿಗೆ ಅದನ್ನು ಬಿಚ್ಚಿ ಪದರ ಎಣಿಸಿ, ಒಗೆದು ಬಳಸುವಂಥದ್ದನ್ನು ತಾನೇ ಕತ್ತರಿಸಿದಳು. ಮೈಗೆ ತಾಗುವ ಕಡೆ ಮೆತ್ತನೆಯ ಹತ್ತಿ, ನಡುವೆ ಎರಡು ಪದರ ಟವೆಲ್ ಬಟ್ಟೆ, ಕೆಳಗೆ ನೀರಿಳಿಯದ ಬಟ್ಟೆ. ಹೊಲಿದವಳು ನಾನು. ಒಂದು ದಿನ ಮೇಜಿನ ಮೇಲೆ ಮರೆತು ಬಿಟ್ಟದ್ದನ್ನು ಗುಂಡಿಗಳ ಕಾಜಾ ಹೊಲಿಯುವವಳು ಕಂಡಳು. "ನಮ್ಮ ಅತ್ತೆಗೆ ಬೇಕಿತ್ತು" ಎಂದು ಪಿಸುಗುಟ್ಟಿದಳು. ವಾರದೊಳಗೆ ಏಳು ಜನ ತಂತಮ್ಮ ಅತ್ತೆಯರಿಗೆ ಕೇಳಿದರು. ಅವರಲ್ಲಿ ಮೂವರ ಅತ್ತೆಯರು ತೀರಿಹೋಗಿ ವರ್ಷಗಳಾಗಿದ್ದವು. ನಾವು ತುಟಿಪಿಟಿಕ್ಕೆನ್ನದೆ ಅಳತೆ ಬರೆದುಕೊಂಡೆವು.

ನಾಲ್ಕು ತಿಂಗಳ ಮೇಲೆ ವಾರ್ಷಿಕ ಸಭೆ. ಮುಖ್ಯ ಅತಿಥಿ ಕೆಮ್ಮು ಸಾಹೇಬರೇ. ಮೈಕು ಹಿಡಿದು, "ನಿಮ್ಮ ಅಧ್ಯಕ್ಷೆ ನಕ್ಕಿದ್ದನ್ನು ಈ ವರ್ಷ ಯಾರೂ ನೋಡಿಲ್ಲ. ಇದೇ ಶಿಸ್ತು!" ಎಂದರು. ಅತ್ತಿಗೆ ವೇದಿಕೆಯ ಮೇಲೆ ತಲೆ ತಗ್ಗಿಸಿದಳು. ಸಾಹೇಬರು ಕೆಮ್ಮಿದರು. ಒಂದು. ಎರಡು.

ಮುಂದಿನ ಸಾಲಿನಲ್ಲಿದ್ದ ನನ್ನ ಕೈಯಲ್ಲಿ ಕತ್ತರಿ ಇರಲಿಲ್ಲ. ಪೆನ್ನಿನಿಂದ ಕುರ್ಚಿಯ ಕೈ ಮೇಲೆ ಎರಡು ಸಲ ಕುಟ್ಟಿದೆ. ಅವಳು ನೆಟ್ಟಗೆ ಕೂತಳು. ಸಾಹೇಬರು ಮೂರನೆಯದನ್ನು ಕೆಮ್ಮಿ, ಮೈಕಿನೊಳಗೆ "ಹ್ಞೂಂ" ಎಂದರು.

ಅತ್ತಿಗೆ ನಕ್ಕಳು. ಭುಜ, ಹೊಟ್ಟೆ, ಮೇಜಿಗೆ ಏಟು, ನೀರಿನ ಲೋಟ ಉರುಳಿತು. ಸಭೆ ದಂಗಾಯಿತು. ಆಮೇಲೆ ಕಾಜಾ ಹೊಲಿಯುವವಳು ನಕ್ಕಳು, ಆಮೇಲೆ ಎಲ್ಲರೂ. ಸಾಹೇಬರ ಮುಖ ಸಪ್ಪಗಾಯಿತು. ಮುಂದಿನ ಸಲ ಯಾರಾದರೂ ಗಂಭೀರವಾದವರನ್ನು ಆರಿಸೋಣ ಎಂದು ಕಾರ್ಯದರ್ಶಿ ಅಲ್ಲೇ ಗೊಣಗಿದಳು.

ಸಭೆ ಮುಗಿದ ಮೇಲೆ ನಾನು ಬದಲಿ ಬಟ್ಟೆಯ ಚೀಲ ಹಿಡಿದು ವೇದಿಕೆಗೆ ಓಡಿದೆ. "ಅತ್ತಿಗೆ, ಏನಾಯ್ತು?"

"ಒಂದೆರಡು ಹನಿ ಹೋಯ್ತು," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ಹೋಗ್ಲಿ ಬಿಡು, ಪ್ಯಾಡ್ ಇದೆ. ನೀನೊಂದ್ಸಲ ಕೆಮ್ಮು ನೋಡೋಣ."